ವಿಡಿಯೊದಲ್ಲಿ ಕಂಡ ವ್ಯಕ್ತಿಯ ಎತ್ತರ: ಬಾಗಿಲಿನ ಅಳತೆಯಿಂದ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಸರ್, ಗೋಡೆಯ ಮೇಲಿರುವ ಕ್ಯಾಮೆರಾದ ಒಂದು ವಿಡಿಯೊ ನನ್ನ ಹತ್ತಿರ ಇದೆ. ಅದರಲ್ಲಿ ಒಬ್ಬ ವ್ಯಕ್ತಿ ಬಾಗಿಲಿನ ಮುಂದೆ ಹಾದು ಹೋಗ್ತಾನೆ. ಬಾಗಿಲಿನ ಎತ್ತರ 2.10 ಮೀಟರ್, ಅದನ್ನು ಟೇಪು ಹಿಡಿದು ಅಳೆದಿದ್ದೇನೆ. ಅದು ಕ್ಯಾಮೆರಾದಿಂದ 6 ಮೀಟರ್ ದೂರ ಇದೆ. ಚಿತ್ರದಲ್ಲಿ ಬಾಗಿಲು 381 ಪಿಕ್ಸೆಲ್, ವ್ಯಕ್ತಿ 378 ಪಿಕ್ಸೆಲ್. ಹಾಗೆ ಲೆಕ್ಕ ಹಾಕಿದ್ರೆ ಅವನ ಎತ್ತರ 2.08 ಮೀಟರ್ ಬರುತ್ತೆ. ಅವನು ಬಾಗಿಲಿಗಿಂತ ಸುಮಾರು ಒಂದೂವರೆ ಮೀಟರ್ ಮುಂದೆ ಇದ್ದ ಅಂತ ದೂರದ ಅನುಪಾತವನ್ನೂ ಸೇರಿಸಿದ್ರೆ 1.56 ಬರುತ್ತೆ. ಎರಡೂ ನಂಬೋ ಹಾಗಿಲ್ಲ. ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಎರಡನೇ ಲೆಕ್ಕ ಯಾಕೆ ತಪ್ಪಿತು ಅನ್ನುವುದು ಗೊತ್ತಾದರೆ ಉಳಿದದ್ದು ಸುಲಭ. ಅಲ್ಲಿಂದಲೇ ಶುರು ಮಾಡೋಣ.

ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ, ಅದನ್ನು ನೀವು ಸರಿಯಾಗಿಯೇ ಹಿಡಿದಿದ್ದೀರಿ. ಬಾಗಿಲು ಕ್ಯಾಮೆರಾದಿಂದ 6 ಮೀಟರ್, ವ್ಯಕ್ತಿ 4.5 ಮೀಟರ್. ಹಾಗಾಗಿ 2.08 ಅನ್ನು 4.5ರಿಂದ ಗುಣಿಸಿ 6ರಿಂದ ಭಾಗಿಸಿದಿರಿ. ಕ್ಯಾಮೆರಾ ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದರೆ ಇದು ಸರಿಯಾದ ಲೆಕ್ಕ. ಆದರೆ ನಿಮ್ಮ ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ಬಾಗಿ ನೋಡುತ್ತಿದೆ. ಮಹಡಿಯ ಅಂಚಿನಿಂದ ನೇರ ಕೆಳಗೆ ನಿಂತವರನ್ನು ನೋಡಿದರೆ ಏನು ಕಾಣುತ್ತದೆ ಹೇಳಿ? ತಲೆ, ಭುಜ ಅಷ್ಟೇ. ಎತ್ತರ ಅನ್ನುವುದೇ ಕಾಣುವುದಿಲ್ಲ. ಅವರು ದೂರ ಹೋದ ಹಾಗೆ ಮೈ ಉದ್ದವಾಗಿ ಕಾಣತೊಡಗುತ್ತದೆ. ಅಂದರೆ ಬಾಗಿದ ಕ್ಯಾಮೆರಾದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹತ್ತಿರ ಬಂದವನು ದೊಡ್ಡದಾಗುತ್ತಾನೆ, ಜೊತೆಗೆ ಮೇಲಿನಿಂದ ನೋಡುವುದರಿಂದ ಕುಗ್ಗುತ್ತಾನೆ ಕೂಡ. ಮೊದಲ ಲೆಕ್ಕದಲ್ಲಿ ನೀವು ಎರಡನ್ನೂ ಬಿಟ್ಟಿರಿ. ಎರಡನೆಯದರಲ್ಲಿ ಒಂದನ್ನು ಮಾತ್ರ ಸೇರಿಸಿದಿರಿ. ನಿಮ್ಮ ಚಿತ್ರದಲ್ಲಿ ಈ ಕುಗ್ಗುವಿಕೆ ಬಾಗಿಲಿಗೆ ಸುಮಾರು ಶೇ. 9, ವ್ಯಕ್ತಿಗೆ ಶೇ. 17ರಷ್ಟಿದೆ. ವ್ಯತ್ಯಾಸ ಬಂದದ್ದು ಅಲ್ಲಿಂದ.

ಆದ್ದರಿಂದ ಪಿಕ್ಸೆಲ್ ಉದ್ದವನ್ನು ಹೋಲಿಸುವುದನ್ನು ಬಿಟ್ಟು ಕೋನಕ್ಕೆ ಬನ್ನಿ. ಕ್ಯಾಮೆರಾದಿಂದ ಪಾದಕ್ಕೆ ಒಂದು ದಾರ ಎಳೆದಿದ್ದೇವೆ, ನೆತ್ತಿಗೆ ಇನ್ನೊಂದು ದಾರ ಎಳೆದಿದ್ದೇವೆ ಅಂದುಕೊಳ್ಳಿ. ಎರಡೂ ದಾರ ಅಡ್ಡಮಟ್ಟದಿಂದ ಎಷ್ಟು ಡಿಗ್ರಿ ಕೆಳಗೆ ಇಳಿದಿವೆ ಅನ್ನುವುದು ಗೊತ್ತಾದರೆ ಸಾಕು. ಕ್ಯಾಮೆರಾದ ಎತ್ತರ C, ವ್ಯಕ್ತಿಯ ಎತ್ತರ H, ನೆತ್ತಿಯ ದಾರದ ಕೋನ head, ಪಾದದ ದಾರದ ಕೋನ foot ಆದರೆ:

```
H = C × (1 − tan(head) / tan(foot))
```

ಇದು ಶಾಲೆಯಲ್ಲಿ ಕಲಿತ ತ್ರಿಕೋನವೇ. ಪಾದದ ಕೋನದಿಂದ ನೆಲದ ಮೇಲಿನ ದೂರ ಸಿಗುತ್ತದೆ. ಅದೇ ದೂರದಲ್ಲಿ ನೆತ್ತಿ ಕ್ಯಾಮೆರಾಗಿಂತ ಎಷ್ಟು ಕೆಳಗಿದೆ ಅನ್ನುವುದನ್ನು ತಲೆಯ ಕೋನ ಹೇಳುತ್ತದೆ. ಇದೇ ಸೂತ್ರಕ್ಕೆ ಬಾಗಿಲನ್ನೂ ಹಾಕಬಹುದು. ಬಾಗಿಲಿನ ಎತ್ತರ ನಮಗೆ ಗೊತ್ತು, ಹಾಗಾಗಿ ಅಲ್ಲಿ C ಹೊರಬರುತ್ತದೆ. ಆ C ಇಟ್ಟುಕೊಂಡು ವ್ಯಕ್ತಿಯ H ಕಂಡುಹಿಡಿಯುತ್ತೇವೆ. ಗೊತ್ತಿರುವ ಉದ್ದದ ನಿಜವಾದ ಕೆಲಸ ಇದು.

ಪಿಕ್ಸೆಲ್‌ನಿಂದ ಕೋನಕ್ಕೆ ಹೋಗಲು ಎರಡು ಸಂಖ್ಯೆ ಬೇಕು. ಒಂದು, ಪಿಕ್ಸೆಲ್ ಲೆಕ್ಕದಲ್ಲಿ ಫೋಕಲ್ ಲೆಂತ್, ಅಂದರೆ ಲೆನ್ಸ್ ವಸ್ತುವನ್ನು ಎಷ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವ ಅಳತೆ. ಇನ್ನೊಂದು, ಕ್ಯಾಮೆರಾ ಬಾಗಿರುವ ಕೋನ.

ಫೋಕಲ್ ಲೆಂತನ್ನು ಲೆನ್ಸಿನ ಮೇಲೆ ಬರೆದ ಮಿಲಿಮೀಟರ್‌ನಿಂದ ತೆಗೆಯಲು ಹೋಗಬೇಡಿ. ಸುಮ್ನೆ ಅಳೆದುಬಿಡಿ. ಒಂದು ಮೀಟರ್ ಉದ್ದದ ಪಟ್ಟಿಯನ್ನು ಕ್ಯಾಮೆರಾದಿಂದ ಸರಿಯಾಗಿ 3 ಮೀಟರ್ ದೂರದಲ್ಲಿ, ಚಿತ್ರದ ನಡುವೆ, ಕ್ಯಾಮೆರಾಗೆ ಎದುರಾಗಿ ಅಡ್ಡ ಹಿಡಿಸಿ. ಅದು ಚಿತ್ರದಲ್ಲಿ 400 ಪಿಕ್ಸೆಲ್ ಬಂದರೆ ಫೋಕಲ್ ಲೆಂತ್ 400 × 3 ÷ 1 = 1200 ಪಿಕ್ಸೆಲ್. ನಿಮ್ಮ 1920 × 1080 ಚಿತ್ರಕ್ಕೆ ಅದನ್ನೇ ಇಟ್ಟುಕೊಂಡು ಮುಂದೆ ಹೋಗುತ್ತೇನೆ. ಅಗಲದಲ್ಲಿ ಸುಮಾರು 77 ಡಿಗ್ರಿ ಕಾಣುವ ಕ್ಯಾಮೆರಾಗೆ ಈ ಸಂಖ್ಯೆ ಹೊಂದುತ್ತದೆ. ನೀವು ಅಳೆದಾಗ ಬೇರೆ ಬಂದರೆ ಆ ಸಂಖ್ಯೆಯನ್ನು ಹಾಕಿಕೊಳ್ಳಿ.

ಬಾಗಿದ ಕೋನಕ್ಕೆ ಹಲವರು ಫೋನನ್ನು ಕ್ಯಾಮೆರಾದ ಮೈಗೆ ತಾಗಿಸಿ ನೋಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಹೊರಗಿನ ಕವಚ ಒಂದು ಕಡೆ, ಒಳಗಿನ ಲೆನ್ಸ್ ಇನ್ನೊಂದು ಕಡೆ ನೋಡುತ್ತಿರಬಹುದು. ಗುಮ್ಮಟದ ಆಕಾರದ ಕ್ಯಾಮೆರಾದಲ್ಲಂತೂ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಚಿತ್ರದ ಸಾಲುಗಳನ್ನು ಮೇಲಿನಿಂದ ಎಣಿಸಿದರೆ ನಡುವಿನ ಸಾಲು 540. ಆ ಸಾಲು ಬಾಗಿಲಿನ ಮೇಲೆ ಎಲ್ಲಿ ಬೀಳುತ್ತದೆ ಅಂತ ಪರದೆ ನೋಡಿಕೊಂಡು, ಅಲ್ಲಿ ಒಬ್ಬರಿಂದ ಗುರುತು ಹಾಕಿಸಿ. ನೆಲದಿಂದ ಆ ಗುರುತಿನ ಎತ್ತರ ಅಳೆಯಿರಿ. ಅದು 82 ಸೆಂ.ಮೀ. ಬಂತು, ಲೆನ್ಸಿನ ಎತ್ತರ ಟೇಪಿನಲ್ಲಿ 3.00 ಮೀಟರ್ ಇದೆ, ಬಾಗಿಲು 6.00 ಮೀಟರ್ ದೂರ ಇದೆ ಅಂದರೆ, 3.00ರಲ್ಲಿ 0.82 ಕಳೆದು 6.00ರಿಂದ ಭಾಗಿಸಿ. 0.363 ಬರುತ್ತದೆ. ಯಾವ ಕೋನದ ಟ್ಯಾನ್ 0.363? 20 ಡಿಗ್ರಿ. ಅದೇ ಬಾಗಿದ ಕೋನ.

ಜಾಗಕ್ಕೆ ಹೋಗಲು ಆಗದಿದ್ದರೆ ನೆಲದ ಹಾಸುಗಲ್ಲಿನ ಗೆರೆಗಳು ಸಹಾಯಕ್ಕೆ ಬರುತ್ತವೆ. ಒಂದಕ್ಕೊಂದು ಸಮಾನಾಂತರವಾಗಿ ದೂರಕ್ಕೆ ಹೋಗುವ ಎರಡು ಗೆರೆಗಳನ್ನು ಚಿತ್ರದಲ್ಲಿ ಮುಂದಕ್ಕೆ ಎಳೆಯಿರಿ. ಅವು ಸೇರುವ ಸಾಲೇ ದಿಗಂತದ ಸಾಲು. ಈ ಉದಾಹರಣೆಯಲ್ಲಿ ಅದು 103ನೇ ಸಾಲು. ನಡುವಿನ ಸಾಲಿನಿಂದ 437 ಪಿಕ್ಸೆಲ್ ಮೇಲೆ. 437 ÷ 1200 = 0.364, ಮತ್ತೆ ಅದೇ 20 ಡಿಗ್ರಿ. ಒಂದು ಒಳ್ಳೆಯ ಗುಟ್ಟು ಹೇಳುತ್ತೇನೆ: ಅದೇ ನೆಲದ ಮೇಲೆ ನಿಂತ ಯಾವ ವಸ್ತುವಿನ ತುದಿ ಈ ದಿಗಂತದ ಸಾಲನ್ನು ಮುಟ್ಟುತ್ತದೋ, ಅದು ಎಷ್ಟೇ ದೂರ ಇರಲಿ, ಅದರ ಎತ್ತರ ಸರಿಯಾಗಿ ಕ್ಯಾಮೆರಾದಷ್ಟೇ. ಯಾವ ಲೆಕ್ಕವೂ ಬೇಡ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಬಾಗಿಲಿನ ತಳ 678ನೇ ಸಾಲಿನಲ್ಲಿ, ಮೇಲಂಚು 297ರಲ್ಲಿ ಇರಲಿ. ವ್ಯಕ್ತಿಯ ಪಾದ 832, ನೆತ್ತಿ 454. ಪ್ರತಿ ಸಾಲಿನಿಂದ 540 ಕಳೆದು, 1200ರಿಂದ ಭಾಗಿಸಿ, ಅದರ ಕೋನ ತೆಗೆದು, 20 ಡಿಗ್ರಿ ಕೂಡಿಸಬೇಕು. ಬಾಗಿಲಿನ ತಳಕ್ಕೆ 26.56 ಡಿಗ್ರಿ, ಮೇಲಂಚಿಗೆ 8.55 ಡಿಗ್ರಿ ಬರುತ್ತದೆ. ಇವುಗಳ ಟ್ಯಾನ್ 0.500 ಮತ್ತು 0.150. ಒಂದರಿಂದ 0.150 ÷ 0.500 ಕಳೆದರೆ 0.70. ಬಾಗಿಲಿನ 2.10 ಅನ್ನು 0.70ರಿಂದ ಭಾಗಿಸಿ, ಕ್ಯಾಮೆರಾದ ಎತ್ತರ 3.00 ಮೀಟರ್ ಸಿಕ್ಕಿತು. ಇನ್ನು ವ್ಯಕ್ತಿ. ಪಾದಕ್ಕೆ 33.68 ಡಿಗ್ರಿ, ನೆತ್ತಿಗೆ 15.90 ಡಿಗ್ರಿ. ಟ್ಯಾನ್ 0.666 ಮತ್ತು 0.285. ಒಂದರಿಂದ ಇವುಗಳ ಭಾಗಲಬ್ಧ ಕಳೆದರೆ 0.572. ಅದನ್ನು 3.00ರಿಂದ ಗುಣಿಸಿದರೆ ಎತ್ತರ 1.72 ಮೀಟರ್.

ಕೈಯಲ್ಲಿ ಮಾಡಲು ಬೇಜಾರಾದರೆ ಪೈಥಾನ್‌ನಲ್ಲಿ ಇಷ್ಟೇ ಸಾಕು:

```python
from math import tan, atan, radians
f, mid, tilt = 1200, 540, radians(20)

def t(row):
    return tan(tilt + atan((row - mid) / f))

C = 2.10 / (1 - t(297) / t(678))
H = C * (1 - t(454) / t(832))
print(round(C, 2), round(H, 2))
```

ಇಲ್ಲಿ ಬರೀ ಸಾಲಿನ ಸಂಖ್ಯೆ ಬಳಸಿದ್ದೇವೆ, ಎಡ ಬಲ ಎಲ್ಲೂ ಬಂದಿಲ್ಲ. ಅದು ಮರೆವಲ್ಲ. ವ್ಯಕ್ತಿ ಚಿತ್ರದ ಅಂಚಿನಲ್ಲಿ ಇದ್ದರೂ ಇದೇ ಸೂತ್ರ ನಡೆಯುತ್ತದೆ. ಕೆಳಕ್ಕೆ ಬಾಗಿದ ಕ್ಯಾಮೆರಾದಲ್ಲಿ ಅಂಚಿನಲ್ಲಿರುವವರು ಓರೆಯಾಗಿ ನಿಂತ ಹಾಗೆ ಕಾಣುತ್ತಾರೆ. ಆ ಓರೆಯ ಉದ್ದವನ್ನು ಅಳೆಯಬೇಡಿ, ಪಾದದ ಸಾಲು ಮತ್ತು ನೆತ್ತಿಯ ಸಾಲು ಮಾತ್ರ ತೆಗೆದುಕೊಳ್ಳಿ. ಆದರೆ ಕ್ಯಾಮೆರಾ ಪಕ್ಕಕ್ಕೆ ವಾಲಿರಬಾರದು. ಚಿತ್ರದ ನಟ್ಟನಡುವೆ ಇರುವ ಕಂಬ ಅಥವಾ ಗೋಡೆಯ ಮೂಲೆ ನೆಟ್ಟಗೆ ಕಾಣುತ್ತಿದೆಯಾ ನೋಡಿ. ಇಲ್ಲದಿದ್ದರೆ ಮೊದಲು ಚಿತ್ರವನ್ನು ಅಷ್ಟು ತಿರುಗಿಸಿ ಸರಿಮಾಡಿಕೊಳ್ಳಿ.

ಉತ್ತರ ಬಂತು ಅಂತ ನಿಲ್ಲಿಸಬೇಡಿ. ಅದನ್ನು ಪರೀಕ್ಷಿಸುವ ದಾರಿ ಈ ಲೆಕ್ಕದ ಒಳಗೇ ಇದೆ. ಬಾಗಿದ ಕೋನವನ್ನು 20ರ ಬದಲು 21 ಅಂತ ತಪ್ಪಾಗಿ ಹಾಕಿದಿರಿ ಅಂದುಕೊಳ್ಳಿ. ಆಗ ವ್ಯಕ್ತಿಯ ಎತ್ತರ 1.74 ಬರುತ್ತದೆ, ಎರಡು ಸೆಂ.ಮೀ. ಜಾಸ್ತಿ. ಅದು ನೋಡಿದರೆ ಗೊತ್ತಾಗುವ ತಪ್ಪಲ್ಲ. ಆದರೆ ಅದೇ ಲೆಕ್ಕದಲ್ಲಿ ಕ್ಯಾಮೆರಾದ ಎತ್ತರ 3.10 ಅಂತ ಬರುತ್ತದೆ. ಟೇಪು 3.00 ಹೇಳುತ್ತಿದೆ! ಒಂದು ಡಿಗ್ರಿ ತಪ್ಪಿದರೆ ಅಲ್ಲಿ ಹತ್ತು ಸೆಂ.ಮೀ. ಎದ್ದು ಕಾಣುತ್ತದೆ. ಹಾಗಾಗಿ ಲೆಕ್ಕದಿಂದ ಬಂದ C ಮತ್ತು ಟೇಪಿನ ಅಳತೆ ಎರಡು ಮೂರು ಸೆಂ.ಮೀ. ಒಳಗೆ ಕೂಡಿಬರುವವರೆಗೆ ನಾನು ಮುಂದಕ್ಕೆ ಹೋಗುವುದಿಲ್ಲ. ಒಮ್ಮೆ ಒಂದು ಕೆಲಸದಲ್ಲಿ ಇವು 25 ಸೆಂ.ಮೀ. ಬೇರೆ ಬಂದವು. ಅರ್ಧ ದಿನ ಕೋನದ ಮೇಲೆಯೇ ಅನುಮಾನಪಟ್ಟೆ. ಕೊನೆಗೆ ನೋಡಿದರೆ ನನಗೆ ಕೊಟ್ಟಿದ್ದ ಫೈಲಿನಲ್ಲಿ ಚಿತ್ರದ ಮೇಲಿನ ಒಂದಷ್ಟು ಭಾಗವನ್ನು ಯಾರೋ ಕತ್ತರಿಸಿದ್ದರು. ನಡುವಿನ ಸಾಲೇ ಜಾಗ ಬದಲಿಸಿತ್ತು.

ಇನ್ನೊಂದು ಪರೀಕ್ಷೆ ದೂರ. C ಅನ್ನು ಪಾದದ ಟ್ಯಾನ್‌ನಿಂದ ಭಾಗಿಸಿದರೆ ನೆಲದ ಮೇಲಿನ ದೂರ: 3.00 ÷ 0.666 = 4.50 ಮೀಟರ್. ನೀವು ಹೇಳಿದ ಒಂದೂವರೆ ಮೀಟರ್ ಮುಂದೆ ಅನ್ನುವುದಕ್ಕೆ ಇದು ಹೊಂದುತ್ತದೆ, ಅಲ್ವಾ? ಇದು ಹೊಂದದಿದ್ದರೆ ಪಾದದ ಗುರುತು ತಪ್ಪಾಗಿದೆ, ಅಥವಾ ವ್ಯಕ್ತಿ ನಿಂತ ನೆಲ ಮತ್ತು ಬಾಗಿಲಿನ ನೆಲ ಒಂದೇ ಮಟ್ಟದಲ್ಲಿಲ್ಲ. ಬಾಗಿಲಿನ ಮುಂದೆ ಒಂದು ಮೆಟ್ಟಿಲು ಇದ್ದರೂ ಸಾಕು, ಇಡೀ ಲೆಕ್ಕ ಕೆಡುತ್ತದೆ.

ಪಾದದ ಗುರುತಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಜನ ಹೆಚ್ಚು ಎಡವುವುದು ಇಲ್ಲೇ. ಚಿತ್ರವನ್ನು ಹಿಗ್ಗಿಸಿ ನೋಡಿ. ಬೂಟಿನ ಕೆಳಗೆ ಕಪ್ಪು ನೆರಳಿನ ಒಂದು ಪಟ್ಟಿ ಇರುತ್ತದೆ. ನೆಲ ಹೊಳೆಯುತ್ತಿದ್ದರೆ ಅದರ ಕೆಳಗೆ ಬೂಟಿನ ಪ್ರತಿಬಿಂಬ ಬೇರೆ. ಬೂಟು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಅಂತ ನಾಲ್ಕೈದು ಪಿಕ್ಸೆಲ್ ಅನುಮಾನ ಇದ್ದೇ ಇರುತ್ತದೆ. ಆದರೆ ಅದು ಅಷ್ಟು ದೊಡ್ಡ ಸಮಸ್ಯೆ ಅಲ್ಲ. ನಮ್ಮ ಉದಾಹರಣೆಯಲ್ಲಿ ಪಾದದಲ್ಲಿ 5 ಪಿಕ್ಸೆಲ್ ತಪ್ಪಿದರೆ ಎತ್ತರದಲ್ಲಿ 1 ಸೆಂ.ಮೀ. ತಪ್ಪುತ್ತದೆ, ನೆತ್ತಿಯಲ್ಲಿ 5 ಪಿಕ್ಸೆಲ್ ತಪ್ಪಿದರೆ 2 ಸೆಂ.ಮೀ.

ದೊಡ್ಡ ತಪ್ಪು ಬೇರೆ ಕಡೆ ಇದೆ. ಸೂತ್ರ ಕೇಳುವುದು ನೆತ್ತಿಯ ನೇರ ಕೆಳಗಿರುವ ನೆಲದ ಬಿಂದುವನ್ನು. ಚಿತ್ರದಲ್ಲಿ ಎಲ್ಲಕ್ಕಿಂತ ಕೆಳಗೆ ಕಾಣುವುದು ಮುಂದಿಟ್ಟ ಕಾಲಿನ ಬೂಟಿನ ತುದಿ. ವ್ಯಕ್ತಿ ಕ್ಯಾಮೆರಾ ಕಡೆ ನಡೆದು ಬರುತ್ತಿದ್ದರೆ ಆ ತುದಿ ನೆತ್ತಿಗಿಂತ ಸುಲಭವಾಗಿ 15 ಸೆಂ.ಮೀ. ಮುಂದೆ ಇರುತ್ತದೆ. ಅದನ್ನೇ ಪಾದ ಅಂತ ಗುರುತಿಸಿದರೆ ತಪ್ಪು ಎಷ್ಟು? ಆ 15 ಸೆಂ.ಮೀ.ಯನ್ನು ತಲೆಯ ಟ್ಯಾನ್‌ನಿಂದ ಗುಣಿಸಿ: 15 × 0.285 = 4.3 ಸೆಂ.ಮೀ. 1.72 ಇದ್ದವನು 1.76 ಆಗಿಬಿಡುತ್ತಾನೆ. ವ್ಯಕ್ತಿ ಕ್ಯಾಮೆರಾಗೆ ಇನ್ನೂ ಹತ್ತಿರ ಬಂದರೆ ತಲೆಯ ಟ್ಯಾನ್ ಬೆಳೆಯುತ್ತದೆ, ತಪ್ಪೂ ಬೆಳೆಯುತ್ತದೆ. ಮುಂದಕ್ಕೆ ಬಗ್ಗಿ ನಡೆಯುವವರ ವಿಷಯದಲ್ಲೂ ಇದೇ ಲೆಕ್ಕ, ಆದರೆ ದಿಕ್ಕು ಉಲ್ಟಾ. ಆದ್ದರಿಂದ ಬೂಟಿನ ತುದಿಯನ್ನಲ್ಲ, ಎರಡೂ ಪಾದಗಳ ನಡುವಿನ ಬಿಂದುವನ್ನು ತೆಗೆದುಕೊಳ್ಳಿ. ವ್ಯಕ್ತಿ ಕ್ಯಾಮೆರಾಗೆ ಅಡ್ಡಲಾಗಿ ದಾಟುವ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಕಾಲುಗಳು ಎಡಕ್ಕೂ ಬಲಕ್ಕೂ ಚಾಚುತ್ತವೆ, ಸಾಲಿನ ಸಂಖ್ಯೆ ಅಷ್ಟಾಗಿ ಬದಲಾಗುವುದಿಲ್ಲ. ಹತ್ತಿರದ ದೊಡ್ಡ ಚಿತ್ರಕ್ಕಿಂತ ಸ್ವಲ್ಪ ದೂರದ ಚಿಕ್ಕ ಚಿತ್ರ ಎಷ್ಟೋ ಸಲ ಹೆಚ್ಚು ನಂಬಿಕೆಗೆ ಅರ್ಹ ಅನ್ನುವುದಕ್ಕೆ ಕಾರಣ ಇದೇ.

ಯಾವ ಚಿತ್ರವನ್ನು ಆರಿಸಬೇಕು ಅನ್ನುವುದೂ ಮುಖ್ಯ. ನಡೆಯುವಾಗ ನಮ್ಮ ತಲೆ ಮೇಲೆ ಕೆಳಗೆ ಆಡುತ್ತದೆ. ಎರಡೂ ಕಾಲು ಅಗಲಿಸಿ ನೆಲಕ್ಕೆ ಊರಿದಾಗ ತಲೆ ಎಲ್ಲಕ್ಕಿಂತ ಕೆಳಗಿರುತ್ತದೆ. ಒಂದು ಕಾಲು ನೆಟ್ಟಗೆ ನಿಂತು ಇನ್ನೊಂದು ಅದರ ಪಕ್ಕದಲ್ಲಿ ಹಾದು ಹೋಗುವಾಗ ಎಲ್ಲಕ್ಕಿಂತ ಮೇಲಿರುತ್ತದೆ. ನಡುವಿನ ವ್ಯತ್ಯಾಸ ಕೆಲವು ಸೆಂ.ಮೀ. ಇರುತ್ತದೆ. ಎರಡನೇ ಬಗೆಯ ಚಿತ್ರವನ್ನೇ ತೆಗೆದುಕೊಳ್ಳಿ. ಆಗ ಊರಿದ ಪಾದ ಹೆಚ್ಚುಕಡಿಮೆ ನೆತ್ತಿಯ ಕೆಳಗೇ ಇರುತ್ತದೆ, ಎರಡು ತೊಂದರೆ ಒಂದೇ ಸಲ ತಪ್ಪುತ್ತವೆ. ವಿಡಿಯೊವನ್ನು ಬಿಡಿ ಚಿತ್ರಗಳಾಗಿ ಒಡೆಯಲು:

```
ffmpeg -i video.mp4 f_%05d.png
```

ಇಂಥ ಐದಾರು ಚಿತ್ರಗಳಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕಿ. ವ್ಯಕ್ತಿ ಬೇರೆ ಬೇರೆ ದೂರದಲ್ಲಿರುವ ಚಿತ್ರಗಳಾದರೆ ಇನ್ನೂ ಚೆನ್ನ. ದೂರ ಹೋದ ಹಾಗೆ ಎತ್ತರ ಒಂದೇ ಸಮ ಏರುತ್ತಾ ಅಥವಾ ಇಳಿಯುತ್ತಾ ಹೋದರೆ ಅದು ಸಾಮಾನ್ಯವಾಗಿ ಗುರುತು ಹಾಕಿದ ಕೈಯ ತಪ್ಪಲ್ಲ. ಹೆಚ್ಚಾಗಿ ಕೋನವೋ ಫೋಕಲ್ ಲೆಂತೋ ತಪ್ಪಿರುತ್ತದೆ. ಯಾವ ದಿಕ್ಕೂ ಇಲ್ಲದೆ ಹಿಂದೆ ಮುಂದೆ ಆಡುತ್ತಿದ್ದರೆ ಅದು ನಡಿಗೆ ಮತ್ತು ಗುರುತಿನ ತಪ್ಪು, ಸರಾಸರಿ ತೆಗೆದರೆ ಕಡಿಮೆಯಾಗುತ್ತದೆ.

ಫೈಲಿನ ಬಗ್ಗೆ ಎರಡು ಮಾತು. ಅಗಲ ಲೆನ್ಸಿನ ಕ್ಯಾಮೆರಾದಲ್ಲಿ ನೇರ ಗೆರೆಗಳು ಬಿಲ್ಲಿನ ಹಾಗೆ ಬಾಗುತ್ತವೆ. ಪರದೆಯ ಮೇಲೆ ಬಾಗಿಲ ಚೌಕಟ್ಟಿನ ಪಕ್ಕ ಒಂದು ಅಡಿಪಟ್ಟಿ ಇಟ್ಟು ನೋಡಿ. ಬಾಗಿದ್ದರೆ ಆ ಬಾಗನ್ನು ತೆಗೆದ ಮೇಲೆಯೇ ಸಾಲುಗಳನ್ನು ಓದಬೇಕು. ಹಳೆಯ ರೆಕಾರ್ಡರ್‌ಗಳಲ್ಲಿ 704 × 288 ರೀತಿಯ ಫೈಲುಗಳು ಸಿಗುತ್ತವೆ. ಅವುಗಳಲ್ಲಿ ಸಾಲುಗಳು ಅರ್ಧದಷ್ಟೇ ಇರುತ್ತವೆ, ಪರದೆಯ ಮೇಲೆ ಹಿಗ್ಗಿಸಿ ತೋರಿಸುತ್ತಾರೆ. ಅಂಥದ್ದರಲ್ಲಿ ಅಡ್ಡ ಹಿಡಿದ ಪಟ್ಟಿಯಿಂದ ಅಳೆದ ಫೋಕಲ್ ಲೆಂತ್ ಸಾಲುಗಳಿಗೆ ಹೊಂದುವುದಿಲ್ಲ, ಪಟ್ಟಿಯನ್ನು ಉದ್ದುದ್ದ ಹಿಡಿಸಿ ಇನ್ನೊಮ್ಮೆ ಅಳೆಯಬೇಕು. ಫೋನಿನಿಂದ ಫೋನಿಗೆ ಕಳಿಸಿದ ವಿಡಿಯೊ ಬೇಡ, ರೆಕಾರ್ಡರ್‌ನಿಂದ ನೇರವಾಗಿ ತೆಗೆದದ್ದೇ ಬೇಕು.

ವ್ಯಕ್ತಿಯ ಬದಲು ಪೆಟ್ಟಿಗೆಯಂಥ ವಸ್ತುವಾದರೆ ಕೆಲಸ ಹಗುರ. ನಡಿಗೆ ಇಲ್ಲ, ಕೂದಲಿಲ್ಲ. ಮೇಲಿನ ಯಾವ ಅಂಚನ್ನು ಗುರುತಿಸುತ್ತೀರೋ ಅದರ ನೇರ ಕೆಳಗಿನ ತಳವನ್ನೇ ಗುರುತಿಸಿದರೆ ಸಾಕು. ಮೇಲೆ ಹಿಂದಿನ ಅಂಚು, ಕೆಳಗೆ ಮುಂದಿನ ಅಂಚು ಹಿಡಿದರೆ ಪೆಟ್ಟಿಗೆಯ ಆಳವೂ ಎತ್ತರಕ್ಕೆ ಸೇರಿಬಿಡುತ್ತದೆ.

ನಿಮ್ಮ ಉತ್ತರವನ್ನು ಬರೆಯುವಾಗ ಬರೀ 1.72 ಅಂತ ಬರೆಯಬೇಡಿ. ಕೋನದಲ್ಲಿ ಒಂದು ಡಿಗ್ರಿ ಅನುಮಾನಕ್ಕೆ 2 ಸೆಂ.ಮೀ., ನೆತ್ತಿ ಪಾದಗಳ ಗುರುತಿಗೆ 2, ಪಾದ ನೆತ್ತಿಯ ಕೆಳಗಿಲ್ಲದಿರುವುದಕ್ಕೆ 3, ನಡಿಗೆಗೆ 2 ಅಂತ ಇಟ್ಟುಕೊಳ್ಳಿ. ಇವೆಲ್ಲ ಒಂದೇ ದಿಕ್ಕಿಗೆ ಒಟ್ಟಿಗೆ ತಪ್ಪುವುದು ಅಪರೂಪ. ಹಾಗಾಗಿ ಪ್ರತಿಯೊಂದರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆಯುತ್ತೇವೆ, ಸುಮಾರು 5 ಸೆಂ.ಮೀ. ಬರುತ್ತದೆ. ಅಂದರೆ 1.67ರಿಂದ 1.77ರ ಒಳಗೆ. ಅದೂ ಬೂಟು ಸೇರಿಸಿ. ಬರಿಗಾಲಿನ ಎತ್ತರ ಬೇಕಾದರೆ ಅಟ್ಟೆಯ ದಪ್ಪ ಕಳೆಯಬೇಕು. ಟೋಪಿ ಅಥವಾ ಎತ್ತಿ ಬಾಚಿದ ಕೂದಲು ಇದ್ದರೆ ಅದನ್ನೂ ಹೇಳಬೇಕು. ಇಷ್ಟು ಅಳತೆಯಿಂದ 1.90 ಎತ್ತರದವನು ಇವನಲ್ಲ ಅಂತ ಧೈರ್ಯವಾಗಿ ಹೇಳಬಹುದು. 1.72ರವನೋ 1.75ರವನೋ ಅಂತ ಹೇಳಲು ಆಗುವುದಿಲ್ಲ. ಯಾರಾದರೂ ಇದರ ಮೇಲೆ ಒಬ್ಬರನ್ನು ಗುರುತು ಹಿಡಿಯಲು ಹೊರಟರೆ ದಯವಿಟ್ಟು ತಡೆಯಿರಿ.

ಕ್ಯಾಮೆರಾ ಇನ್ನೂ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಇದ್ದರೆ ಈ ಎಲ್ಲ ಲೆಕ್ಕಕ್ಕಿಂತ ಗಟ್ಟಿಯಾದ ದಾರಿ ಒಂದಿದೆ. ಹಳೆಯ ಚಿತ್ರವನ್ನು ಈಗಿನ ಚಿತ್ರದ ಮೇಲೆ ಅರೆಪಾರದರ್ಶಕವಾಗಿ ಇಟ್ಟು, ಬಾಗಿಲು ಮತ್ತು ಗೋಡೆಯ ಗೆರೆಗಳು ಕೂಡುತ್ತವೆಯಾ ನೋಡಿ. ಕೂಡಿದರೆ, ವ್ಯಕ್ತಿಯ ಪಾದ ಇದ್ದ ಬಿಂದುವಿನಲ್ಲೇ ಸೆಂಟಿಮೀಟರ್ ಗುರುತುಗಳಿರುವ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಪಕ್ಕದಲ್ಲಿ ಮಟ್ಟಗೋಲು ಹಿಡಿದು ಅದು ವಾಲಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಹಳೆಯ ಚಿತ್ರದ ನೆತ್ತಿ ಕೋಲಿನ ಯಾವ ಗುರುತಿಗೆ ತಾಗುತ್ತದೆ ಅಂತ ಓದಿ. ಫೋಕಲ್ ಲೆಂತ್ ಬೇಡ, ಕೋನ ಬೇಡ, ಲೆನ್ಸಿನ ಬಾಗೂ ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಉಳಿಯುವುದು ಪಾದದ ಜಾಗ ಮತ್ತು ನಡಿಗೆಯ ತಪ್ಪು ಮಾತ್ರ. ಹಾಗೆಯೇ ಎತ್ತರ ಗೊತ್ತಿರುವ ಇಬ್ಬರು ಮೂವರನ್ನು ಅದೇ ದಾರಿಯಲ್ಲಿ ನಡೆಸಿ, ಅವರ ಎತ್ತರವನ್ನೂ ಇದೇ ರೀತಿ ಅಳೆಯಿರಿ. ಅವರ ನಿಜವಾದ ಎತ್ತರಕ್ಕೂ ನಿಮ್ಮ ಅಳತೆಗೂ ಎಷ್ಟು ಅಂತರ ಬರುತ್ತದೋ, ನಿಮ್ಮ 1.72ರ ಪಕ್ಕದಲ್ಲಿ ಬರೆಯಬೇಕಾದ ಸಂಖ್ಯೆಗೆ ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದಿಲ್ಲ.